ಕ್ವಿಂಟಲ್ ಬೀಜಕ್ಕೆ ಎಷ್ಟು ಎಣ್ಣೆ?

ಬೆಂಗಳೂರಿನ ಒಂದು ಸಣ್ಣ ಫೈನಾನ್ಸ್ ಸಲಹಾ ಕಚೇರಿಯಲ್ಲಿ ಇಂಟರ್ನ್ ಆಗಿ ಸೇರಿದಾಗ ನನ್ನ ಕೈಗೆ ಬಂದ ಮೊದಲ ಎಕ್ಸೆಲ್ ಫೈಲಿನಲ್ಲಿ ಎಲ್ಲವೂ ತಾಳೆಯಾಗಿತ್ತು. ಚಳ್ಳಕೆರೆಯ ಕಡೆಯ ವ್ಯಾಪಾರಿಯೊಬ್ಬರು ಶೇಂಗಾ ಎಣ್ಣೆ ಗಿರಣಿ ಹಾಕಲು ಬ್ಯಾಂಕ್ ಸಾಲಕ್ಕೆ ಓಡಾಡುತ್ತಿದ್ದರು. ಯಂತ್ರಗಳಿಗೆ 40 ಲಕ್ಷ ಬೇಕು, ಅದರಲ್ಲಿ 10 ಲಕ್ಷ ಅವರದೇ, ಉಳಿದ 30 ಲಕ್ಷ ಸಾಲ. ಇನ್ಯಾರೋ ಸಲಹೆಗಾರರಿಂದ ಮಾಡಿಸಿದ್ದ ಐದು ವರ್ಷಗಳ ಲೆಕ್ಕದ ಫೈಲನ್ನು ಅವರು ನಮ್ಮಲ್ಲಿಗೆ ತಂದಿದ್ದರು. ಲಾಭ ನಷ್ಟ, ಬ್ಯಾಲೆನ್ಸ್ ಶೀಟ್, ಕ್ಯಾಶ್ ಫ್ಲೋ ಎಲ್ಲವೂ ಇದ್ದವು. ಆಸ್ತಿಯ ಮೊತ್ತವೂ ಹೊಣೆಯ ಮೊತ್ತವೂ ಐದೂ ವರ್ಷ ಒಂದೇ. ಸಾಲ ತೀರಿಸುವ ಶಕ್ತಿಯನ್ನು ಅಳೆಯುವ ಡಿಎಸ್‌ಸಿಆರ್ ಮೊದಲ ವರ್ಷವೇ 3.24 ಎಂದು ತೋರಿಸುತ್ತಿತ್ತು. ಅಂದರೆ ವರ್ಷಕ್ಕೆ ಕಟ್ಟಬೇಕಾದ ಅಸಲು ಬಡ್ಡಿಯ ಮೂರು ಪಟ್ಟಿಗಿಂತ ಹೆಚ್ಚು ದುಡಿಮೆ.

“ಇದನ್ನ ಸ್ವಲ್ಪ ನೀಟಾಗಿ ಫಾರ್ಮ್ಯಾಟ್ ಮಾಡಿ ಕೊಡಮ್ಮ, ಬ್ಯಾಂಕಿಗೆ ಕಳಿಸೋಣ” ಎಂದರು ನಮ್ಮ ಸರ್. ಅಂಕಣಗಳ ಅಗಲ ಸರಿಮಾಡುತ್ತಾ ಎಣ್ಣೆ ಮಾರಾಟದ ಸೆಲ್ ಮೇಲೆ ಒತ್ತಿದೆ. ಅದರ ಕೆಳಗೆ ಹಿಂಡಿ ಮಾರಾಟದ ಸೆಲ್. ಫಾರ್ಮುಲಾ ಪಟ್ಟಿಯಲ್ಲಿ ಕಂಡದ್ದು ಇವು:

```
=300*0.44*1.8
=300*0.58*0.4
```

ಇಲ್ಲಿರುವ ಯಾವ ಸಂಖ್ಯೆಯೂ ತಾನು ಏನು ಎಂದು ಹೇಳುವುದಿಲ್ಲ. ಸ್ವಲ್ಪ ಹೊತ್ತು ಕೂತು ಬಿಡಿಸಿದೆ. 300 ಎಂದರೆ ವರ್ಷಕ್ಕೆ ಅರೆಯುವ ಬೀಜ, ಟನ್ನುಗಳಲ್ಲಿ. 0.44 ಎಂದರೆ ಎಣ್ಣೆಯ ಇಳುವರಿ. 1.8 ಎಂದರೆ ಕೆಜಿಗೆ 180 ರೂಪಾಯಿ, ಟನ್ನಿಗೆ ಲಕ್ಷದ ಲೆಕ್ಕದಲ್ಲಿ. ಕೆಳಗಿನ ಸಾಲಿನಲ್ಲಿ ಹಿಂಡಿ 0.58, ಬೆಲೆ ಕೆಜಿಗೆ 40 ರೂಪಾಯಿ. ಎರಡೂ ಇಳುವರಿಯನ್ನು ಪಕ್ಕಪಕ್ಕ ಇಟ್ಟು ಕೂಡಿದರೆ 1.02. ಮುನ್ನೂರು ಟನ್ ಬೀಜ ಹಾಕಿ ಮುನ್ನೂರ ಆರು ಟನ್ ಸರಕು ತೆಗೆಯುವ ಗಿರಣಿ! ಎರಡು ಸಂಖ್ಯೆಗಳೂ ಬೇರೆ ಬೇರೆ ಫಾರ್ಮುಲಾಗಳ ಹೊಟ್ಟೆಯೊಳಗೆ ಅಡಗಿದ್ದರಿಂದ ಅವು ಯಾರ ಕಣ್ಣಿಗೂ ಒಟ್ಟಿಗೆ ಬಿದ್ದಿರಲಿಲ್ಲ. ಬ್ಯಾಲೆನ್ಸ್ ಶೀಟಿಗಂತೂ ಇದರ ಗೊಡವೆಯೇ ಇಲ್ಲ. ಇಲ್ಲದ ಎಣ್ಣೆಯನ್ನು ಮಾರಿದರೂ ಒಂದು ಕಡೆ ನಗದು ಏರುತ್ತದೆ, ಇನ್ನೊಂದು ಕಡೆ ಅಷ್ಟೇ ಲಾಭ ಏರುತ್ತದೆ, ಎರಡೂ ಬದಿ ಸಮವಾಗಿಯೇ ಉಳಿಯುತ್ತವೆ.

ಹೀಗೆ ಅನುಮಾನ ಹುಟ್ಟಿದ ಮೇಲೆ ಬ್ಯಾಲೆನ್ಸ್ ಶೀಟನ್ನೂ ಸಾಲು ಸಾಲಾಗಿ ಒತ್ತಿ ನೋಡಿದೆ. ಹೊಣೆಗಳ ಬದಿಯಲ್ಲಿ ‘ಇತರೆ ಹೊಣೆಗಳು’ ಎಂಬ ಸಾಲಿತ್ತು. ಅದರಲ್ಲಿ ಫಾರ್ಮುಲಾ ಇರಲಿಲ್ಲ, ಕೈಯಿಂದ ಟೈಪ್ ಮಾಡಿದ ಸಂಖ್ಯೆಗಳಿದ್ದವು: 45, 52.5, 60, 60, 60. ಯಾರಿಗೆ ಕೊಡಬೇಕಾದ ಹಣ ಎಂಬುದಕ್ಕೆ ಎಲ್ಲೂ ವಿವರ ಇಲ್ಲ. ಆ ಸಾಲನ್ನು ಅಳಿಸಿದ ಕೂಡಲೇ ಐದೂ ವರ್ಷದ ತಾಳೆ ತಪ್ಪಿತು. ಎಷ್ಟು ತಪ್ಪಿತೋ ಅಷ್ಟನ್ನೇ ಅಲ್ಲಿ ತುಂಬಿದ್ದರು.

ತಾಳೆ ತಪ್ಪಿದಾಗ ವ್ಯತ್ಯಾಸದ ಮೊತ್ತವೇ ದಾರಿ ತೋರಿಸುತ್ತದೆ ಎಂಬುದನ್ನು ಸರ್ ನನಗೆ ಆ ದಿನ ಕಲಿಸಿದರು. ವ್ಯತ್ಯಾಸ ಎಲ್ಲ ವರ್ಷವೂ ಒಂದೇ ಇದ್ದರೆ ಆರಂಭದ ಯಾವುದೋ ಬಾಕಿ ಬಿಟ್ಟುಹೋಗಿದೆ, ಅಥವಾ ಮೊದಲ ವರ್ಷದಲ್ಲೇ ಒಂದು ತಪ್ಪಾಗಿದೆ. ಪ್ರತಿ ವರ್ಷ ಬೆಳೆಯುತ್ತಾ ಹೋದರೆ ವರ್ಷವರ್ಷವೂ ಬರುವ ಒಂದು ಬಾಬತ್ತು, ಉದಾಹರಣೆಗೆ ಸವಕಳಿ, ಒಂದು ಕಡೆ ಸೇರಿ ಇನ್ನೊಂದು ಕಡೆ ಸೇರಿಲ್ಲ. ಇದಾವುದೂ ಹೊಂದದಿದ್ದರೆ ವ್ಯತ್ಯಾಸವನ್ನು ಎರಡರಿಂದ ಭಾಗಿಸಬೇಕು. ಕಳೆಯಬೇಕಾದ್ದನ್ನು ಕೂಡಿದ್ದರೆ ತಪ್ಪು ಇಮ್ಮಡಿಯಾಗಿ ಕಾಣುತ್ತದೆ.

45ರ ಅರ್ಧ 22.5. ಆ ಸಂಖ್ಯೆಯನ್ನು ಫೈಲಿನಲ್ಲಿ ಹುಡುಕಿದೆ, ದಾಸ್ತಾನಿನ ಸಾಲಿನಲ್ಲಿ ಸಿಕ್ಕಿತು. ಕೆಜಿಗೆ 90 ರೂಪಾಯಿಯಂತೆ 300 ಟನ್ ಬೀಜಕ್ಕೆ 270 ಲಕ್ಷ, ಅದರಲ್ಲಿ ಒಂದು ತಿಂಗಳ ದಾಸ್ತಾನು 22.5 ಲಕ್ಷ. ಎರಡನೇ ವರ್ಷ ಗಿರಣಿ ಶೇಕಡಾ 60ರ ಬದಲು 70ರಷ್ಟು ನಡೆಯುತ್ತದೆ, ದಾಸ್ತಾನು 26.25, ಅದರ ಇಮ್ಮಡಿ 52.5. ಮೂರನೇ ವರ್ಷ 80, ದಾಸ್ತಾನು 30, ಇಮ್ಮಡಿ 60. ಅಲ್ಲಿಂದಾಚೆ ಗಿರಣಿ 80ರಲ್ಲೇ ನಿಲ್ಲುತ್ತದೆ, ದಾಸ್ತಾನು ಬೆಳೆಯುವುದಿಲ್ಲ, ವ್ಯತ್ಯಾಸವೂ 60ರಲ್ಲೇ ನಿಂತಿತ್ತು. ಕ್ಯಾಶ್ ಫ್ಲೋದಲ್ಲಿ ದಾಸ್ತಾನಿನ ಏರಿಕೆಯನ್ನು ಕಳೆಯುವ ಬದಲು ಕೂಡಿದ್ದರು. ಇದು ಬರೀ ಚಿಹ್ನೆಯ ತಪ್ಪು ಎಂದು ತಳ್ಳಿಹಾಕುವಂಥದ್ದಲ್ಲ. ಬೀಜ ಕೊಂಡು ಗೋದಾಮಿನಲ್ಲಿ ಇಟ್ಟರೆ ಕೈಯಿಂದ ಹಣ ಹೋಗುತ್ತದೆ. ಹಳೆಯ ಫೈಲಿನಲ್ಲಿ ಅದು ಕೈಗೆ ಹಣ ಬಂದಂತೆ ತೋರುತ್ತಿತ್ತು. ಅದಕ್ಕೇ ಆ ವರದಿಯಲ್ಲಿ ದುಡಿಯುವ ಬಂಡವಾಳಕ್ಕೆ ಸಾಲವನ್ನೇ ಕೇಳಿರಲಿಲ್ಲ. ಅದನ್ನೇ ನಂಬಿದ್ದರೆ ಯಂತ್ರ ಬಂದು ಕೂರುತ್ತಿತ್ತು, ಸುಗ್ಗಿಯಲ್ಲಿ ಬೀಜ ಕೊಳ್ಳಲು ಯಜಮಾನರ ಬಳಿ ದುಡ್ಡು ಇರುತ್ತಿರಲಿಲ್ಲ.

“ಹಾಗಾದ್ರೆ ಮೊದಲಿಂದ ಕಟ್ಟು. ಹಳೇದನ್ನ ತಿದ್ದೋಕೆ ಹೋಗಬೇಡ” ಎಂದರು ಸರ್. ಆ ಮಾತು ನನಗೆ ಈಗಲೂ ಸರಿ ಅನ್ನಿಸುತ್ತದೆ. ಸಂಖ್ಯೆಗಳು ಫಾರ್ಮುಲಾದೊಳಗೇ ಹೂತುಹೋಗಿರುವ ಫೈಲನ್ನು ತಿದ್ದಲು ಹೊರಟರೆ ಒಂದು ಕಡೆ 0.44 ಬದಲಾಗುತ್ತದೆ, ಇನ್ನೊಂದು ಹಾಳೆಯಲ್ಲಿ ಅದು ಹಾಗೇ ಉಳಿಯುತ್ತದೆ.

ಹೊಸ ಫೈಲಿನ ಮೊದಲ ಹಾಳೆ `Inputs`. ಅದನ್ನು ತುಂಬಲು ನನಗೆ ಬೇಕಾದದ್ದು ಯಜಮಾನರ ಮಾತು. ಅವರು ಕಚೇರಿಗೆ ಬಂದಾಗ ಬಡ್ಡಿ, ಸವಕಳಿ ಎಲ್ಲ ಬಿಟ್ಟು ಇಳುವರಿಯನ್ನೇ ಕೇಳಿದೆ.

“ಒಂದು ಕ್ವಿಂಟಲ್ ಬೀಜ ಹಾಕಿದ್ರೆ ನಲವತ್ತೆರಡು ಕೆಜಿ ಎಣ್ಣೆ ಬರ್ತದೆ ಕಣಮ್ಮ. ಐವತ್ತೈದು ಹಿಂಡಿ. ಉಳಿದ ಮೂರು ತೇವ, ಧೂಳು, ಅದೂ ಇದೂ.”

“ಯಾವಾಗಲೂ ನಲವತ್ತೆರಡೇ ಬರುತ್ತದಾ ಯಜಮಾನರೇ?”

“ಅದೆಂಗೆ ಬರ್ತದಮ್ಮ? ಬೀಜದ ಮೇಲೆ ಹೋಗ್ತದೆ.”

ಅವರು ಹಲವು ವರ್ಷ ಬೇರೆಯವರ ಗಿರಣಿಯಲ್ಲಿ ಕೂಲಿ ಕೊಟ್ಟು ಬೀಜ ಅರೆಸಿ ಎಣ್ಣೆ ಮಾರಿದವರು. ಚೀಲದಿಂದ ಉದ್ದನೆಯ ನೋಟ್‌ಬುಕ್ ತೆಗೆದರು. ತಾರೀಕು, ಹಾಕಿದ ಬೀಜ ಎಷ್ಟು ಕ್ವಿಂಟಲ್, ಬಂದ ಡಬ್ಬ ಎಷ್ಟು, ಹಿಂಡಿ ಚೀಲ ಎಷ್ಟು. ಡಬ್ಬ ಎಂದರೆ 15 ಕೆಜಿಯದು. ಹತ್ತು ಕ್ವಿಂಟಲಿಗೆ 28 ಡಬ್ಬ ಎಂದು ಬರೆದ ಸಾಲುಗಳು ಹೆಚ್ಚಿದ್ದವು. 28 ಡಬ್ಬ ಎಂದರೆ 420 ಕೆಜಿ, ಸರಿಯಾಗಿ ಶೇಕಡಾ 42. ಆದರೆ ನಡುನಡುವೆ ಅಷ್ಟೇ ಬೀಜಕ್ಕೆ 27 ಡಬ್ಬ ಎಂದೂ ಇತ್ತು, ಅಂದರೆ 40.5. ಸರಿಯಾಗಿ ಒಣಗದ ಹೊಸ ಬೀಜ ಅರೆದ ದಿನಗಳು ಅವು ಎಂದರು. ಹಳೆಯ ಫೈಲಿನ 44 ಆ ಪುಸ್ತಕದಲ್ಲಿ ನನಗೆಲ್ಲೂ ಕಾಣಲಿಲ್ಲ.

ಆದ್ದರಿಂದ `Inputs` ಹಾಳೆಯ ಪ್ರತಿ ಸಾಲಿಗೂ ಸಂಖ್ಯೆಯ ಜೊತೆ ಮೂರು ಖಾನೆ ಇಟ್ಟೆ: ಅಳತೆ ಯಾವುದು, ಎಲ್ಲಿಂದ ಬಂತು, ಯಾವತ್ತಿನದು. ಎಣ್ಣೆ ಇಳುವರಿ, ಶೇಕಡಾ 42, ಯಜಮಾನರ ನೋಟ್‌ಬುಕ್. ಬೀಜದ ಬೆಲೆ, ಕೆಜಿಗೆ ರೂಪಾಯಿ 90, ಮಂಡಿಯ ಬಿಲ್ಲು. ಬಡ್ಡಿ, ಶೇಕಡಾ 11, ಬ್ಯಾಂಕಿನವರು ಹೇಳಿದ್ದು. ಅಳತೆಯ ಖಾನೆ ಅನಗತ್ಯ ಎನಿಸಬಹುದು. ಆದರೆ ಈ ವ್ಯಾಪಾರದಲ್ಲಿ ಬೀಜವನ್ನು ಕ್ವಿಂಟಲಿನಲ್ಲಿ ಕೊಳ್ಳುತ್ತಾರೆ, ಎಣ್ಣೆಯನ್ನು ಡಬ್ಬದಲ್ಲಿ ಮಾರುತ್ತಾರೆ, ಹಿಂಡಿಯನ್ನು ಚೀಲದಲ್ಲಿ ಎಣಿಸುತ್ತಾರೆ, ಬ್ಯಾಂಕಿನವರು ಎಲ್ಲವನ್ನೂ ಲಕ್ಷದಲ್ಲಿ ಕೇಳುತ್ತಾರೆ. ಖಾನೆ ಇಲ್ಲದಿದ್ದರೆ ಎಲ್ಲೋ ಒಂದು ಸೊನ್ನೆ ಹೆಚ್ಚಾಗುವುದು ಖಚಿತ. ಟೈಪ್ ಮಾಡಿದ ಸಂಖ್ಯೆಗಳಿಗೆಲ್ಲ ನೀಲಿ ಅಕ್ಷರ, ಫಾರ್ಮುಲಾಗಳಿಗೆ ಕಪ್ಪು. ಇದು ಈ ಕೆಲಸದವರು ಎಲ್ಲೆಡೆ ಪಾಲಿಸುವ ರೂಢಿ. `Inputs` ಬಿಟ್ಟು ಬೇರೆ ಹಾಳೆಯಲ್ಲಿ ನೀಲಿ ಕಂಡರೆ ಅಲ್ಲಿ ಯಾರೋ ಕೈಯಾಡಿಸಿದ್ದಾರೆ ಎಂದು ಅರ್ಥ.

ಎರಡನೆಯದು ಲೆಕ್ಕದ ಹಾಳೆ, `Calc`. ಆಮೇಲೆ ಲಾಭ ನಷ್ಟ, ಕ್ಯಾಶ್ ಫ್ಲೋ, ಬ್ಯಾಲೆನ್ಸ್ ಶೀಟ್, ಕೊನೆಗೆ `Checks`. ಎಲ್ಲ ಹಾಳೆಗಳಲ್ಲೂ ಮೊದಲ ವರ್ಷ `F` ಅಂಕಣದಲ್ಲೇ, ಐದನೇ ವರ್ಷ `J` ಅಂಕಣದಲ್ಲೇ. ಒಂದು ಸಾಲಿಗೆ ಒಂದೇ ಫಾರ್ಮುಲಾ, `F`ನಲ್ಲಿ ಬರೆದು `J`ವರೆಗೆ ಎಳೆಯುವುದು. ಎಣ್ಣೆ ಮಾರಾಟದ ಸಾಲು ಈಗ ಹೀಗಾಯಿತು:

```
=F$12*Inputs!$C$8*Inputs!$C$11/100
```

ಅರೆದ ಬೀಜದ ಟನ್ನು, ಎಣ್ಣೆ ಇಳುವರಿ, ಕೆಜಿ ಬೆಲೆ. ಟನ್ನನ್ನು ಕೆಜಿಯ ಬೆಲೆಯಿಂದ ಗುಣಿಸಿದರೆ ಸಾವಿರ ರೂಪಾಯಿಗಳಲ್ಲಿ ಉತ್ತರ ಬರುತ್ತದೆ, 100ರಿಂದ ಭಾಗಿಸಿದರೆ ಲಕ್ಷ. ಫಾರ್ಮುಲಾದೊಳಗೆ ಉಳಿದ ಸಂಖ್ಯೆ ಆ 100 ಒಂದೇ, ಅದು ಎಂದೂ ಬದಲಾಗುವುದಿಲ್ಲ. ಸಾಲಿನ ಮಧ್ಯೆ ಯಾವುದೋ ಒಂದು ಸೆಲ್ ಬೇರೆಯಾಗಿದೆಯೇ ಎಂದು ನೋಡಲು ಇಡೀ ಸಾಲನ್ನು ಆರಿಸಿಕೊಂಡು `Ctrl+\` ಒತ್ತಿದರೆ ಸಾಕು, ಮೊದಲ ಸೆಲ್ಲಿಗಿಂತ ಬೇರೆ ರೀತಿಯಲ್ಲಿ ಬರೆದ ಸೆಲ್‌ಗಳನ್ನು ಎಕ್ಸೆಲ್ ತಾನೇ ಆರಿಸಿ ತೋರಿಸುತ್ತದೆ. ಹಳೆಯ ಫೈಲಿನ ಮೇಲೆ ಅದನ್ನು ಒತ್ತಿ ನೋಡಿದಾಗ ಬೆಳಗದ ಸಾಲುಗಳೇ ಕಡಿಮೆ ಇದ್ದವು.

ಒಬ್ಬರು ಮಾಡಿಟ್ಟ ಹಾಳೆಯನ್ನು ಇನ್ನೊಬ್ಬರು ಮತ್ತೆ ಕಟ್ಟಿ ನೋಡುವುದರ ಬೆಲೆ ಏನು ಎಂದು ಸರ್ ಆಗ ಹೇಳಿದ ಘಟನೆಯೊಂದಿದೆ. ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ 2010ರಲ್ಲಿ ಸರ್ಕಾರಿ ಸಾಲ ಮತ್ತು ಆರ್ಥಿಕ ಬೆಳವಣಿಗೆಯ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಹಲವು ದೇಶಗಳಲ್ಲಿ ಸರ್ಕಾರದ ಖರ್ಚು ಕಡಿತಗೊಳಿಸಬೇಕು ಎನ್ನುವವರು ಅದನ್ನು ಎತ್ತಿ ಹಿಡಿದರು. 2013ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಅವರಿಂದಲೇ ಫೈಲು ಪಡೆದು ನೋಡಿದಾಗ ಸರಾಸರಿಯ ಫಾರ್ಮುಲಾ 49ನೇ ಸಾಲಿನವರೆಗೆ ಹೋಗಬೇಕಾದದ್ದು 44ಕ್ಕೇ ನಿಂತಿತ್ತು. ಆಸ್ಟ್ರೇಲಿಯಾದಿಂದ ಡೆನ್ಮಾರ್ಕ್‌ವರೆಗೆ ಐದು ದೇಶಗಳು ಲೆಕ್ಕದಿಂದ ಹೊರಗೆ ಉಳಿದಿದ್ದವು. ಆ ಪ್ರಬಂಧದ ಮೇಲಿನ ತಕರಾರು ಇದೊಂದೇ ಅಲ್ಲ, ದೇಶಗಳಿಗೆ ಕೊಟ್ಟ ತೂಕದ ಬಗ್ಗೆಯೂ ಬಿಟ್ಟ ವರ್ಷಗಳ ಬಗ್ಗೆಯೂ ದೊಡ್ಡ ಪ್ರಶ್ನೆಗಳಿದ್ದವು. ಆದರೆ ಎಕ್ಸೆಲ್ ತಪ್ಪು ಕಣ್ಣಿಗೆ ಬಿದ್ದದ್ದು ಫೈಲು ತೆರೆದು ಸೆಲ್ ಒತ್ತಿದ್ದರಿಂದ. ಪ್ರಿಂಟ್ ತೆಗೆದ ಪಿಡಿಎಫ್ ನೋಡಿ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

`Checks` ಹಾಳೆಯನ್ನು ಕಟ್ಟುವುದರಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಆಸಕ್ತಿ ಇತ್ತು. ಅದರ ಪ್ರತಿ ಸಾಲೂ ಒಂದು ಪ್ರಶ್ನೆ. ಸರಿಯಿದ್ದರೆ ಸೊನ್ನೆ, ತಪ್ಪಿದ್ದರೆ ಒಂದು. ಎಲ್ಲದರ ಮೊತ್ತ ಪ್ರತಿ ಹಾಳೆಯ ತಲೆಯ ಮೇಲೆ ಕಾಣಬೇಕು, ಸೊನ್ನೆಯಲ್ಲದಿದ್ದರೆ ಕೆಂಪಾಗಬೇಕು. ಬ್ಯಾಲೆನ್ಸ್ ಶೀಟಿನ ಪ್ರಶ್ನೆ ಹೀಗೆ:

```
=IF(ABS(BS!F30-BS!F45)<0.01,0,1)
```

ಎರಡು ಮೊತ್ತ ಸಮವೇ ಎಂದು ನೇರವಾಗಿ ಕೇಳಬಾರದು. ಎಕ್ಸೆಲ್ ದಶಮಾಂಶಗಳನ್ನು ಒಳಗೆ ಎರಡರ ಮೂಲದ ಸಂಖ್ಯೆಗಳಾಗಿ ಇಟ್ಟುಕೊಳ್ಳುವುದರಿಂದ ಹನ್ನೆರಡನೆಯ ದಶಮಾಂಶದಲ್ಲೆಲ್ಲೋ ಒಂದು ಚೂರು ವ್ಯತ್ಯಾಸ ಉಳಿದು, ಸರಿಯಾದದ್ದನ್ನೂ ತಪ್ಪು ಎನ್ನಬಹುದು. ಹಾಗಾಗಿ ಒಂದು ಮಿತಿ. ಲಕ್ಷದಲ್ಲಿ 0.01 ಎಂದರೆ ಸಾವಿರ ರೂಪಾಯಿ, ಈ ಫೈಲಿಗೆ ಅದು ಸಾಕಿತ್ತು. ಇನ್ನು ತಪ್ಪು ಬಂದ ಸೆಲ್ಲಿಗೆ `IFERROR` ಸುತ್ತಿ ಸೊನ್ನೆ ತೋರಿಸುವ ಅಭ್ಯಾಸ ಹಲವರಿಗಿದೆ. `Checks` ಹಾಳೆಯಲ್ಲಿ ಅದನ್ನು ಬಳಸಿದರೆ ಮುರಿದುಬಿದ್ದ ಲೆಕ್ಕಕ್ಕೂ ‘ಸರಿ’ ಎಂಬ ಉತ್ತರವೇ ಬರುತ್ತದೆ. `#REF!` ಬಂದರೆ ಅದು ಮೇಲಿನ ಮೊತ್ತದವರೆಗೂ ಏರಿ ಬಂದು ಎಲ್ಲರಿಗೂ ಕಾಣಲಿ.

ಬ್ಯಾಲೆನ್ಸ್ ಶೀಟಿನ ಪ್ರಶ್ನೆಯ ಜೊತೆಗೆ ಇನ್ನೂ ಕೆಲವು: ನಗದು ಯಾವ ವರ್ಷವೂ ಸೊನ್ನೆಗಿಂತ ಕೆಳಗೆ ಇಳಿಯಬಾರದು, ಸಾಲದ ಬಾಕಿ ಕೊನೆಯ ಕಂತಿಗೆ ಸರಿಯಾಗಿ ಸೊನ್ನೆಗೆ ಬರಬೇಕು. ಆದರೆ ನನ್ನ ಲೆಕ್ಕಕ್ಕೆ ಇಡೀ ಹಾಳೆಯಲ್ಲಿ ಅತಿ ಮುಖ್ಯವಾದದ್ದು ಇದು:

```
=IF(ABS(SUM(Inputs!C8:C10)-1)<0.0001,0,1)
```

ಎಣ್ಣೆ, ಹಿಂಡಿ, ನಷ್ಟ ಮೂರೂ ಕೂಡಿದರೆ ಹಾಕಿದ ಬೀಜದಷ್ಟೇ ಆಗಬೇಕು. ಇದು ಲೆಕ್ಕಶಾಸ್ತ್ರದ ನಿಯಮವಲ್ಲ, ಗಿರಣಿಯ ತಕ್ಕಡಿಯ ನಿಯಮ. ಬ್ಯಾಲೆನ್ಸ್ ಶೀಟಿನ ತಾಳೆ ಹೇಳುವುದು ಬರೆದದ್ದನ್ನು ಎರಡೂ ಕಡೆ ಬರೆದಿದ್ದೇವೆ ಎಂದಷ್ಟೇ. ಬರೆದದ್ದು ನಡೆಯುವಂಥದ್ದೇ ಎಂದು ಕೇಳಲು ಲೆಕ್ಕದ ಹೊರಗಿನಿಂದ ಒಂದು ಅಳತೆ ಬೇಕು. ನಾನು ಆಮೇಲೆ ನೋಡಿದ ಎಷ್ಟೋ ಫೈಲುಗಳಲ್ಲಿ ಇಲ್ಲದಿದ್ದದ್ದು ಈ ಬಗೆಯ ಪ್ರಶ್ನೆಯೇ. ಬಟ್ಟೆ ಅಂಗಡಿಯ ಫೈಲಿನಲ್ಲಿ ಅಂಗಡಿ ಹಿಡಿಯಲಾರದಷ್ಟು ದಾಸ್ತಾನು, ಹೋಟೆಲಿನ ಫೈಲಿನಲ್ಲಿ ಇರುವ ಕುರ್ಚಿಗಳಿಗೆ ಸಾಧ್ಯವೇ ಇಲ್ಲದಷ್ಟು ಗಿರಾಕಿಗಳು.

ಬಡ್ಡಿಯ ವಿಷಯದಲ್ಲಿ ಒಂದು ತೀರ್ಮಾನ ಮಾಡಬೇಕಾಯಿತು. ಬೀಜದ ದಾಸ್ತಾನಿಗೆ ಈಗ ಕ್ಯಾಶ್ ಕ್ರೆಡಿಟ್ ಮಿತಿ ಕೇಳಬೇಕಿತ್ತು. ಆ ಖಾತೆಯ ಬಾಕಿ ನಗದಿನ ಮೇಲೆ ನಿಂತಿದೆ, ನಗದು ಬಡ್ಡಿಯ ಮೇಲೆ, ಬಡ್ಡಿ ಮತ್ತೆ ಅದೇ ಬಾಕಿಯ ಮೇಲೆ. ಹಾಗೇ ಬರೆದರೆ ಎಕ್ಸೆಲ್ ಸರ್ಕ್ಯುಲರ್ ರೆಫರೆನ್ಸ್ ಎಂದು ಎಚ್ಚರಿಸುತ್ತದೆ. ಮತ್ತೆ ಮತ್ತೆ ಲೆಕ್ಕ ಹಾಕುವ ಸೆಟ್ಟಿಂಗ್ ಹಾಕಿ ಅದನ್ನು ದಾಟಬಹುದು, ಆದರೆ ಆ ಸುತ್ತಿನೊಳಗೆ ಒಮ್ಮೆ `#VALUE!` ಹೊಕ್ಕರೆ ಮೂಲದ ತಪ್ಪನ್ನು ತಿದ್ದಿದರೂ ಅದು ಹೊರಗೆ ಹೋಗುವುದಿಲ್ಲ. ನಾವು ಮಿತಿಯ ಪೂರ್ತಿ ಹಣ ವರ್ಷವಿಡೀ ಬಳಕೆಯಲ್ಲಿದೆ ಎಂದೇ ಇಟ್ಟುಕೊಂಡೆವು. ದಾಸ್ತಾನಿನ ಮುಕ್ಕಾಲು ಭಾಗ ಸಾಲ, ಸುಮಾರು 16.9 ಲಕ್ಷ, ಅದಕ್ಕೆ ಬಡ್ಡಿ 1.9 ಲಕ್ಷ. ನಿಜವಾಗಿ ಕಟ್ಟುವುದು ಇದಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತದೆ. ಬ್ಯಾಂಕಿಗೆ ಕೊಡುವ ಲೆಕ್ಕದಲ್ಲಿ ಖರ್ಚು ಒಂದು ಕೂದಲು ಹೆಚ್ಚಿದ್ದರೆ ತೊಂದರೆಯಿಲ್ಲ. ಅವಧಿ ಸಾಲಕ್ಕೂ ವರ್ಷಾರಂಭದ ಬಾಕಿಯ ಮೇಲೆ ಬಡ್ಡಿ ಹಾಕಿದೆವು.

ಹೊಸ ಫೈಲಿನ ಮೊದಲ ವರ್ಷ ಹೀಗೆ ಬಂತು. ಎಣ್ಣೆ 126 ಟನ್, 226.8 ಲಕ್ಷ. ಹಿಂಡಿ 165 ಟನ್, 66 ಲಕ್ಷ. ಒಟ್ಟು 292.8, ಬೀಜಕ್ಕೆ 270 ಹೋದರೆ ಉಳಿದದ್ದು 22.8 ಲಕ್ಷ. ಕೂಲಿ, ಕರೆಂಟು, ರಿಪೇರಿಗೆ 7.1, ಕ್ಯಾಶ್ ಕ್ರೆಡಿಟ್ ಬಡ್ಡಿ 1.9. ಕೊನೆಗೆ ಕೈಯಲ್ಲಿ 13.8 ಲಕ್ಷ. ಅವಧಿ ಸಾಲ ಐದು ವರ್ಷದ್ದು, ಅಸಲು 6 ಲಕ್ಷ, ಬಡ್ಡಿ 3.3, ಒಟ್ಟು 9.3. ಲಾಭ ಸಣ್ಣದಾದ್ದರಿಂದ ಇಲ್ಲಿ ಹೇಳುವಾಗ ತೆರಿಗೆಯನ್ನು ಬಿಟ್ಟಿದ್ದೇನೆ. 13.8ನ್ನು 9.3ರಿಂದ ಭಾಗಿಸಿದರೆ 1.48. ಹಳೆಯ ಫೈಲಿನ 3.24 ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಆದರೂ ಬ್ಯಾಂಕಿನವರು ಕೇಳುತ್ತಿದ್ದ 1.25ಕ್ಕಿಂತ ಮೇಲೆಯೇ ಇತ್ತು.

ಆಗ ನೋಟ್‌ಬುಕ್ಕಿನ 27 ಡಬ್ಬದ ದಿನಗಳು ನೆನಪಾದವು. `Inputs` ಹಾಳೆಯಲ್ಲಿ 42 ಅಳಿಸಿ 41 ಹಾಕಿದೆ. ತಲೆಯ ಮೇಲಿನ ಮೊತ್ತ ಕೂಡಲೇ ಕೆಂಪಾಯಿತು, ಹಿಂಡಿಯನ್ನು 56 ಮಾಡಿದ ಮೇಲೆ ತಣ್ಣಗಾಯಿತು. ಬೀಜದಲ್ಲೇ ಉಳಿದ ಎಣ್ಣೆ ಹಿಂಡಿಯ ಜೊತೆ ಹೋಗುತ್ತದೆ ಎಂಬುದನ್ನು ಹಾಳೆಯೇ ನನ್ನಿಂದ ಹೇಳಿಸಿತು. ಮೂರು ಟನ್ ಸರಕು 180 ರೂಪಾಯಿಯ ಎಣ್ಣೆಯಾಗುವ ಬದಲು 40 ರೂಪಾಯಿಯ ಹಿಂಡಿಯಾಯಿತು, 4.2 ಲಕ್ಷ ಕಡಿಮೆ. ಡಿಎಸ್‌ಸಿಆರ್ 1.03. ಇಳುವರಿ 40 ಎಂದು ಹಾಕಿದರೆ 0.58. ನೂರು ಕೆಜಿಗೆ ಎರಡು ಕೆಜಿ ಎಣ್ಣೆ ಕಡಿಮೆಯಾದರೆ ಸಾಲದ ಕಂತು ಕಟ್ಟಲು ಮನೆಯಿಂದ ದುಡ್ಡು ತರಬೇಕು. ಯಜಮಾನರಿಗೆ ಪರದೆಯ ಮೇಲೆ ತೋರಿಸಿದೆ. ಅವರು ತುಸು ಹೊತ್ತು ನೋಡಿ, “ಕಂತು ಸಣ್ಣದು ಮಾಡಿಸ್ಬೇಕಮ್ಮ ಹಂಗಾದ್ರೆ” ಎಂದರು.

ಅವಧಿಯ ಸೆಲ್ಲಿನಲ್ಲಿ 5ರ ಜಾಗದಲ್ಲಿ 7 ಹಾಕಿದೆವು. ಕೊನೆಯ ಎರಡು ವರ್ಷಕ್ಕೆ ಅಂಕಣಗಳನ್ನು `L`ವರೆಗೆ ಎಳೆಯಬೇಕಾಯಿತು, ಒಂದೇ ಫಾರ್ಮುಲಾದ ಸಾಲುಗಳಾದ್ದರಿಂದ ಅದು ಬೇಗ ಮುಗಿಯಿತು. ಮೊದಲ ವರ್ಷದ ಅಸಲು 4.29 ಲಕ್ಷಕ್ಕೆ ಇಳಿಯಿತು. 42ಕ್ಕೆ ಅನುಪಾತ 1.82, 41ಕ್ಕೆ 1.27. ಈ ಎರಡನ್ನೂ 40ರ ಲೆಕ್ಕವನ್ನೂ ವರದಿಯ ಮೊದಲ ಪುಟದಲ್ಲೇ ಹಾಕಿ, ಇಳುವರಿ ಎಲ್ಲಿಂದ ಬಂತು ಎಂದು ನೋಟ್‌ಬುಕ್ಕಿನ ಪುಟಗಳ ನಕಲನ್ನೂ ಲಗತ್ತಿಸಿದೆವು. ಬ್ಯಾಂಕು ಏಳು ವರ್ಷದ ಅವಧಿ ಸಾಲವನ್ನೂ ಬೀಜದ ದಾಸ್ತಾನಿಗೆ ಪ್ರತ್ಯೇಕ ಕ್ಯಾಶ್ ಕ್ರೆಡಿಟ್ ಮಿತಿಯನ್ನೂ ಮಂಜೂರು ಮಾಡಿತು. ಇಳುವರಿ 40ಕ್ಕೆ ಇಳಿದರೆ ಏಳು ವರ್ಷದ ಅವಧಿಯಲ್ಲೂ ಅನುಪಾತ 0.71 ಮಾತ್ರ. ಅದಕ್ಕೆ ಎಕ್ಸೆಲ್‌ನಲ್ಲಿ ಪರಿಹಾರ ಇರಲಿಲ್ಲ, ಬೀಜವನ್ನು ಒಣಗಿಸಿ ಅರೆಯುವುದೊಂದೇ ದಾರಿ.